ಮೂರು ಕೇಳಿದ್ದರೆ

ಕುರಿ ವ್ಯಾಪಾರದಲ್ಲಿ ಯಗಟಿಯ ಈರಭದ್ರಪ್ಪನನ್ನು ಮೀರಿಸುವವರು ಕಡೂರು ಸೀಮೆಯಲ್ಲೇ ಇರಲಿಲ್ಲ. ಊರಿನವರು ಇದನ್ನು ಹೇಳುವುದಕ್ಕೆ ಮುಂಚೆ ಅವನೇ ಹೇಳಿಬಿಡುತ್ತಿದ್ದ, ಆ ಮಾತು ಬೇರೆ. ಆದರೆ ಸುಳ್ಳಂತೂ ಅಲ್ಲ. ಹೆಗಲ ಮೇಲಿನ ಟವಲನ್ನು ಎದುರಿನವನ ಕೈಮೇಲೆ ಹೊದಿಸಿ, ಅದರಡಿಯಲ್ಲಿ ಅವನ ಬೆರಳು ಹಿಡಿದನೆಂದರೆ ವ್ಯಾಪಾರ ಕುದುರಿದ ಹಾಗೆಯೇ. ಸುತ್ತ ನಿಂತವರಿಗೆ ಗೊತ್ತಾಗದಂತೆ ಬೆರಳಿನಲ್ಲೇ ಬೆಲೆ ಏರಿಸುವುದು, ಬೆರಳಿನಲ್ಲೇ ಇಳಿಸುವುದು ಸಂತೆಯ ಪದ್ಧತಿ. ಬೇಕಾದ್ದರ ಎರಡರಷ್ಟು ಕೇಳಬೇಕು ಅನ್ನುವುದು ಅವನ ಪದ್ಧತಿ. ಎದುರಿನವನು ಜಗ್ಗಾಡಿ ಅರ್ಧಕ್ಕೆ ಇಳಿಸುತ್ತಾನೆ. ನಮಗೆ ಬೇಕಾದ್ದು ನಮಗೆ ಬಂತು, ಅವನಿಗೆ ಗೆದ್ದೆ ಅನ್ನುವ ಖುಷಿ ಬಂತು, ಇಬ್ಬರೂ ಟೀ ಕುಡಿದು ಹೊರಟರು.

ಈ ಒಂದು ಬುದ್ಧಿಯಿಂದಲೇ ಅವನು ಹೆಂಚಿನ ಮನೆ ಕಟ್ಟಿಸಿದ್ದ. ತಂಗಿ ದ್ಯಾಮಮ್ಮನ ಗಂಡ ತೀರಿಕೊಂಡಾಗ ಅವಳನ್ನೂ ಅವಳ ಮಗ ಚಿಕ್ಕಬೀರಪ್ಪನನ್ನೂ ತನ್ನ ಮನೆಗೇ ಕರೆತಂದಿದ್ದ. ಹುಡುಗ ಚುರುಕು. ಕಡೂರಿನ ಹೈಸ್ಕೂಲು ಮುಗಿಸಿ, ಪಿಯುಸಿಯಲ್ಲಿ ಒಳ್ಳೆಯ ನಂಬರು ತೆಗೆದು, ಕೃಷಿ ಕಾಲೇಜಿನಲ್ಲಿ ಸೀಟು ಹಿಡಿದ. ಅವರ ಕುಲದಲ್ಲಿ ಬಿಎಸ್ಸಿ ಅಂತ ಓದಲು ಹೋದವನು ಅವನೇ ಮೊದಲು. 'ನನ್ನ ಅಳಿಯ ಆಫೀಸರ್ ಆಗ್ತಾನೆ, ಜೀಪಲ್ಲಿ ಬತ್ತಾನೆ' ಎಂದು ಈರಭದ್ರಪ್ಪ ಸಂತೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಎಂಬತ್ತೆರಡನೇ ಇಸವಿಯ ಡಿಸೆಂಬರಿನಲ್ಲಿ ಚಿಕ್ಕಬೀರಪ್ಪ ರಜೆಗೆ ಊರಿಗೆ ಬಂದಿದ್ದ. ಜನವರಿಗೆ ಕೊನೆಯ ಸೆಮಿಸ್ಟರ್ ಶುರುವಾಗುವುದಿತ್ತು. ಒಂದು ದಿನ ಬೆಳಿಗ್ಗೆ ಜಗಲಿಯ ಮೇಲೆ ಕೂತು ಅವನು ಒಂದು ಹಾಳೆಯಲ್ಲಿ ಬರೆಯುತ್ತಿದ್ದ, ಹೊಡೆದುಹಾಕುತ್ತಿದ್ದ, ಮತ್ತೆ ಬರೆಯುತ್ತಿದ್ದ. ಕುರಿಹಟ್ಟಿಯಿಂದ ಬಂದ ಈರಭದ್ರಪ್ಪ ಕಾಲು ತೊಳೆದುಕೊಂಡು ಪಕ್ಕದಲ್ಲಿ ಕೂತ.

"ಏನ್ಲೇ ಅದು, ಅಷ್ಟೊತ್ತಿಂದ ಕೆರೀತಿದ್ದೀಯಾ?"

"ಡೀನ್ ಸಾಹೇಬ್ರಿಗೆ ಅರ್ಜಿ ಮಾವ."

"ಡೀನು ಅಂದ್ರೆ?"

"ಕಾಲೇಜಿಗೇ ದೊಡ್ಡೋರು. ಅವರ ಸೈನ್ ಇಲ್ದೆ ಏನೂ ನಡಿಯಲ್ಲ."

ದೊಡ್ಡವರಿಗೆ ಅರ್ಜಿ ಅಂದ ಕೂಡಲೇ ಈರಭದ್ರಪ್ಪನ ಕಿವಿ ನೆಟ್ಟಗಾಯಿತು. ವಿಷಯ ಏನೆಂದು ಕೇಳಿದ. ಚಿಕ್ಕಬೀರಪ್ಪ ನಿಧಾನವಾಗಿ ಬಿಡಿಸಿ ಹೇಳಿದ. ಎರಡನೇ ವರ್ಷದಲ್ಲಿ ಕಾಮಾಲೆಯಾಗಿ ಮಲಗಿದ್ದನಲ್ಲ, ಆಗ ಸಂಖ್ಯಾಶಾಸ್ತ್ರದ ಪರೀಕ್ಷೆ ತಪ್ಪಿಹೋಗಿತ್ತು. ಆ ಪಾಠ ವರ್ಷಕ್ಕೊಂದು ಸಲ, ಜನವರಿಯ ಸೆಮಿಸ್ಟರಿನಲ್ಲಿ ಮಾತ್ರ ನಡೆಯುತ್ತದೆ. ಮೂರನೇ ವರ್ಷ ತಗೊಳ್ಳೋಣವೆಂದರೆ ಅದೇ ವೇಳೆಗೆ ಬೇರೆ ಪ್ರಾಕ್ಟಿಕಲ್ ಬಿದ್ದಿತ್ತು. ಈಗ ಉಳಿದಿರುವುದು ಇದೊಂದೇ ಸೆಮಿಸ್ಟರ್.

"ತಗೋ ಮತ್ತೆ. ಅದಕ್ಯಾಕೆ ಅರ್ಜಿ?"

"ಒಂದು ಸೆಮಿಸ್ಟರಿಗೆ ಇಪ್ಪತ್ತೇ ಕ್ರೆಡಿಟ್ಟು ಮಾವ. ವಾರಕ್ಕೆ ಒಂದು ಗಂಟೆ ಪಾಠ ಅಂದ್ರೆ ಒಂದು ಕ್ರೆಡಿಟ್ಟು ಅಂತ ಇಟ್ಕೋ. ನನಗೆ ಈ ಸಲ ಮಾಮೂಲಿ ಪಾಠಗಳೇ ಇಪ್ಪತ್ತು ತುಂಬ್ತವೆ. ಸಂಖ್ಯಾಶಾಸ್ತ್ರ ಮೂರು ಕ್ರೆಡಿಟ್ಟು. ಅದನ್ನ ಮೇಲೆ ಹೇರ್ಕೊಳಕ್ಕೆ ಡೀನ್ ಒಪ್ಪಿಗೆ ಬೇಕು."

"ಓಹೋ! ಕತ್ತೆ ಮೇಲೆ ಇಷ್ಟೇ ಹೊರೆ ಅಂತ ಲೆಕ್ಕ ಇಟ್ಟಂಗೆ," ಎಂದು ಈರಭದ್ರಪ್ಪ ನಕ್ಕ. "ಕೊಡ್ದೆ ಇದ್ರೆ?"

ಹುಡುಗ ನಗಲಿಲ್ಲ. "ಕೊಡ್ದೆ ಇದ್ರೆ ಒಂದು ವರ್ಷ ಹೋಯ್ತು. ಜೂನಲ್ಲಿ ಇಲಾಖೆಯೋರು ಪಾಸಾದೋರ್ನ ಕೆಲಸಕ್ಕೆ ತಗೊಳ್ತಾರಂತೆ. ನಮ್ಮ ಬ್ಯಾಚ್‌ನೋರೆಲ್ಲ ಹೋಗ್ತಾರೆ. ನನ್ನ ಕೈಲಿ ಡಿಗ್ರಿ ಇರಲ್ಲ."

ಒಳಗೆ ರೊಟ್ಟಿ ತಟ್ಟುತ್ತಿದ್ದ ದ್ಯಾಮಮ್ಮನ ಕೈ ಒಂದು ಗಳಿಗೆ ನಿಂತದ್ದು ಜಗಲಿಗೂ ತಿಳಿಯಿತು.

"ಓದು ನೋಡಾನ, ಏನ್ ಬರ್ದಿದ್ದೀಯಾ."

ಇಂಗ್ಲಿಷಿನಲ್ಲಿ ಬರೆದದ್ದನ್ನು ಹುಡುಗ ಕನ್ನಡದಲ್ಲಿ ಹೇಳುತ್ತ ಹೋದ. 'ಮಾನ್ಯರೇ, ನಾನು ಕೊನೆಯ ವರ್ಷದ ವಿದ್ಯಾರ್ಥಿ. ಅನಾರೋಗ್ಯದಿಂದ ಸಂಖ್ಯಾಶಾಸ್ತ್ರದ ಪರೀಕ್ಷೆ ಬರೆಯಲಾಗಲಿಲ್ಲ. ಈವರೆಗಿನ ನನ್ನ ಅಂಕಗಳ ಸರಾಸರಿ ಚೆನ್ನಾಗಿದೆ. ಆದ್ದರಿಂದ ಈ ಸೆಮಿಸ್ಟರಿನ ಮಿತಿಗಿಂತ ಮೂರು ಕ್ರೆಡಿಟ್ ಹೆಚ್ಚಾಗಿ ತೆಗೆದುಕೊಳ್ಳಲು ದಯಮಾಡಿ ಅನುಮತಿ ನೀಡಬೇಕೆಂದು ಕೋರುತ್ತೇನೆ.'

ಈರಭದ್ರಪ್ಪ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ಬೆಪ್ಪೇ! ಮೂರು ಬೇಕು ಅಂತ ಮೂರೇ ಕೇಳ್ತಾರೇನೋ? ಅವನು ದೊಡ್ಡ ಮನುಷ್ಯ. ಕೇಳಿದ್ದನ್ನ ಕೇಳಿದಂಗೆ ಕೊಟ್ರೆ ಅವನ ದೊಡ್ಡಸ್ತಿಕೆ ಎಲ್ಲುಳೀತು? ಒಂದೂವರೆ ಮಾಡ್ತಾನೆ. ಒಂದೂವರೆ ತಗೊಂಡು ಏನ್ ಉಪ್ಪಿನಕಾಯಿ ಹಾಕ್ತೀಯಾ?"

"ಇದು ಸಂತೆ ಅಲ್ಲ ಮಾವ. ಒಂದು ಪಾಠನ ಅರ್ಧ ಮಾಡಕ್ಕಾಗಲ್ಲ."

"ಸಂತೆ ಅಲ್ದೇ ಇರೋ ಜಾಗ ಯಾವುದೈತೋ ಈ ಲೋಕದಲ್ಲಿ? ತಾಲ್ಲೂಕಾಫೀಸು ಸಂತೆ, ಹೆಣ್ಣು ಕೇಳೋದು ಸಂತೆ. ಆರು ಕೇಳು. ಅವರು ಕತ್ತು ಅಲ್ಲಾಡಿಸಿ, ಆಗಲ್ಲ ಮೂರು ತಗೋ ಅಂತಾರೆ. ನೀನು ಮುಖ ಸಣ್ಣಗೆ ಮಾಡ್ಕೊಂಡು ಆಗ್ಲಿ ಸ್ವಾಮಿ ಅನ್ನು. ಮುಗೀತು."

ಆರು ಕೇಳಬೇಕಾದರೆ ಇನ್ನೊಂದು ಪಾಠದ ಹೆಸರು ಬರೆಯಬೇಕಲ್ಲ ಎಂದು ಹುಡುಗ ತಕರಾರು ತೆಗೆದ. ಯಾವುದಿದೆ ಎಂದು ಈರಭದ್ರಪ್ಪ ಕೇಳಿದ. ಬೇಕಾದವರು ತಗೊಳ್ಳಬಹುದಾದ ಪಾಠಗಳಲ್ಲಿ ಕುರಿ ಸಾಕಣೆ ಅಂತ ಒಂದಿದೆ, ಅದಕ್ಕೂ ಮೂರು ಕ್ರೆಡಿಟ್ಟು ಎಂದ ಹುಡುಗ. ಕೇಳಿದ್ದೇ ತಡ, ಈರಭದ್ರಪ್ಪ ತೊಡೆ ತಟ್ಟಿ ನಕ್ಕ ನಗು ಬೀದಿಯ ಆ ಕೊನೆಯವರೆಗೂ ಹೋಯಿತು.

"ಕುರಿ ಸಾಕೋದನ್ನ ಕಾಲೇಜಲ್ಲಿ ಹೇಳ್ಕೊಡ್ತಾರಾ! ಏ ದ್ಯಾಮೀ, ಕೇಳಿಸ್ಕೊಂಡ್ಯಾ? ಬರಿ, ಅದನ್ನೇ ಬರಿ. ಬೀರಪ್ಪಸ್ವಾಮಿನೇ ತೋರ್ಸಿದಂಗಾಯ್ತು."

ಚಿಕ್ಕಬೀರಪ್ಪನಿಗೆ ಇನ್ನೂ ಒಂದು ಅಳುಕಿತ್ತು. ಪ್ರತಿ ವಿದ್ಯಾರ್ಥಿಗೂ ಒಬ್ಬರು ಸಲಹೆಗಾರ ಮೇಷ್ಟರು ಇರುತ್ತಾರೆ, ಅರ್ಜಿ ಅವರ ಕೈಯಿಂದಲೇ ಹೋಗುವುದು ರೂಢಿ. ಇವನ ಮೇಷ್ಟರು ತರೀಕೆರೆಯ ಕಡೆಯವರು, ಮಲ್ಲಿಕಾರ್ಜುನಪ್ಪ ಅಂತ, ಒಳ್ಳೆಯ ಮನುಷ್ಯರು. ಕಾಲೇಜು ಶುರುವಾದ ಮೇಲೆ ಅವರಿಗೆ ತೋರಿಸಿಯೇ ಕೊಡುತ್ತೇನೆ ಎಂದ.

ಈರಭದ್ರಪ್ಪನಿಗೆ ಜನ್ಮದಲ್ಲಿ ಆಗದ ಒಂದು ಜಾತಿಯಿದ್ದರೆ ಅದು ದಲ್ಲಾಳಿಗಳದ್ದು. "ಮಧ್ಯದೋನು ಯಾಕೋ? ನಡುವೆ ಒಬ್ಬ ಬಂದ ಅಂದ್ರೆ ಇಬ್ಬರ ಕಡೆನೂ ಮಾತಾಡ್ತಾನೆ. ನೇರ ಧಣಿ ಹತ್ರನೇ ಹೋಗ್ಬೇಕು. ರಿಜಿಸ್ಟರ್ ಪೋಸ್ಟಲ್ಲಿ ಹಾಕು. ಸೈನ್ ಮಾಡಿ ಇಸ್ಕೊಂಡ ಮೇಲೆ ಬಂದಿಲ್ಲ ಅನ್ನಂಗಿಲ್ಲ."

ಓದಿಸುತ್ತಿರುವ ಮಾವ. ಊಟ ಹಾಕುತ್ತಿರುವ ಮಾವ. ಹುಡುಗ ಎಷ್ಟಂತ ಎದುರಾಡಿಯಾನು? ಹೊಸ ಹಾಳೆ ತೆಗೆದು ಆರು ಎಂದು ಬರೆದ. ಮಾರನೆಯ ದಿನ ಮಾವ ಅಳಿಯ ಇಬ್ಬರೂ ಬಸ್ಸಿನಲ್ಲಿ ಕಡೂರಿಗೆ ಹೋಗಿ ಅಂಚೆ ಕಚೇರಿಯಲ್ಲಿ ಲಕೋಟೆ ಕೊಟ್ಟು, ರಸೀದಿ ತಗೊಂಡು, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಂದರು. ಆ ದಿನದಷ್ಟು ಗೆಲುವಾಗಿ ಈರಭದ್ರಪ್ಪ ಮತ್ತೆಂದೂ ಕಡೂರಿನಿಂದ ಬರಲಿಲ್ಲ.

ಜನವರಿ ಕೊನೆಯಲ್ಲಿ ಅಳಿಯನ ಕಾಗದ ಬಂತು. ದ್ಯಾಮಮ್ಮ ಅದನ್ನು ಶಾಲೆ ಮೇಷ್ಟರ ಹತ್ತಿರ ಓದಿಸಿಕೊಂಡು ಅಳುತ್ತ ಬಂದಳು. 'ಮಾವ, ಅರ್ಜಿ ಡೀನ್ ಕೈ ದಾಟಿ ಮೇಲೆ ಹೋಗಿದೆ. ಹೊಸ ಪಾಠ ಸೇರಿಸಿಕೊಳ್ಳಲು ಶನಿವಾರ ಕೊನೆ. ನನಗೇನೂ ತೋಚುತ್ತಿಲ್ಲ' ಎಂದಿತ್ತು.

ಶನಿವಾರದ ಹೊತ್ತಿಗೆ ಈರಭದ್ರಪ್ಪ ಕಾಲೇಜಿನಲ್ಲಿದ್ದ. ಕಂಕುಳಲ್ಲಿ ಒಂದು ಹೊಸ ಕಂಬಳಿ. ದೊಡ್ಡವರ ಮನೆಗೆ ಬರಿಗೈಲಿ ಹೋಗಬಾರದಲ್ಲ. ಡೀನ್ ಕಚೇರಿಯ ಮುಂದಿನ ಬೆಂಚಿನ ಮೇಲೆ ಅಳಿಯ ಕೂತಿದ್ದ. ರಜೆಯಲ್ಲಿ ತುಂಬಿಕೊಂಡಿದ್ದ ಕೆನ್ನೆ ಇಳಿದುಹೋಗಿತ್ತು. ಪಕ್ಕದಲ್ಲಿ ನಿಂತಿದ್ದ ಮಲ್ಲಿಕಾರ್ಜುನಪ್ಪ ಮೇಷ್ಟರು ಈರಭದ್ರಪ್ಪನಿಗೆ ನಮಸ್ಕಾರ ಮಾಡಿ, "ಬನ್ನಿ ಯಜಮಾನ್ರೇ. ಒಂದು ಮಾತು ಮುಂಚೆ ನನ್ನ ಕೇಳಿದ್ರೆ ಚೆನ್ನಾಗಿತ್ತು," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೇ ವಾಸಿಯಿತ್ತು.

ಒಳಗೆ ಡೀನ್ ಸಾಹೇಬರು ಮೂವರನ್ನೂ ಕೂರಿಸಿದರು. ಬಿಳಿ ತಲೆ, ದಪ್ಪ ಕನ್ನಡಕ, ಮೆತ್ತಗಿನ ಮಾತು. ಕಂಬಳಿ ನೋಡಿ ಕೈಮುಗಿದು, "ಇದೆಲ್ಲ ಬೇಡಪ್ಪ, ನೀವೇ ಇಟ್ಕೊಳ್ಳಿ," ಎಂದರು. ಆಮೇಲೆ ವಿಷಯ ಬಿಡಿಸಿ ಹೇಳಿದರು.

"ನಿಯಮ ಹೀಗಿದೆ ನೋಡಿ. ಕೊನೇ ಸೆಮಿಸ್ಟರಿನ ಹುಡುಗ, ಸರಾಸರಿ ಚೆನ್ನಾಗಿದ್ರೆ, ಮಿತಿಗಿಂತ ಮೂರು ಕ್ರೆಡಿಟ್‌ವರೆಗೆ ಹೆಚ್ಚಿಗೆ ಕೊಡೋ ಅಧಿಕಾರ ನನಗಿದೆ. ಮೂರರ ಮೇಲೆ ಒಂದಾದ್ರೂ ನನಗಿಲ್ಲ. ಅದು ಯೂನಿವರ್ಸಿಟಿಯ ಅಕಾಡೆಮಿಕ್ ಕೌನ್ಸಿಲ್‌ಗೆ ಹೋಗಬೇಕು. ಇವನು ಆರು ಕೇಳಿದಾನೆ. ಅರ್ಜಿ ಪೋಸ್ಟಲ್ಲಿ ಬಂತು, ರಜೆ ಇತ್ತು, ಹುಡುಗ ಎದುರಿಗಿರ್ಲಿಲ್ಲ. ಮಲ್ಲಿಕಾರ್ಜುನಪ್ಪನವರ ಅಭಿಪ್ರಾಯ ಕೇಳಿದೆ."

"ಜಾಣ ಹುಡುಗ, ಪರಿಗಣಿಸಬಹುದು ಅಂತ ನಾನೇ ಬರೆದೆ," ಎಂದರು ಮೇಷ್ಟರು, ನೆಲ ನೋಡುತ್ತ. "ಕುರಿ ಕಾಯೋ ಮನೆ ಹುಡುಗ, ಕುರಿ ಸಾಕಣೆ ಓದ್ಬೇಕು ಅಂತ ಆಸೆ ಪಟ್ಟಿದಾನೆ ಅನ್ಕೊಂಡೆ. ನನಗೆ ಖುಷಿಯಾಯ್ತು."

"ನನಗೂ ಖುಷಿಯಾಯ್ತು," ಎಂದರು ಡೀನ್. "ತಿರಸ್ಕರಿಸೋಕೆ ಮನಸ್ಸು ಬರ್ಲಿಲ್ಲ. ಶಿಫಾರಸು ಮಾಡಿ ಕೌನ್ಸಿಲ್‌ಗೆ ಕಳಿಸಿದೆ. ಅದು ಸೇರೋದು ಮಾರ್ಚಿಗೆ."

ಈರಭದ್ರಪ್ಪ ಕುರ್ಚಿಯ ತುದಿಗೆ ಸರಿದ. "ಸ್ವಾಮಿ, ಮೂರು ಕೇಳಿದ್ರೆ?"

"ಮೂರು ಕೇಳಿದ್ರೆ ಏನಿತ್ತಪ್ಪ? ಇದೇ ಟೇಬಲ್ ಮೇಲೆ, ಅವತ್ತೇ ಸೈನ್ ಹಾಕ್ತಿದ್ದೆ. ಈ ವರ್ಷವೇ ಇಬ್ಬರು ಹುಡುಗರಿಗೆ ಹಾಕಿದೀನಿ."

ಆದರೂ ವ್ಯಾಪಾರಿ ಅಲ್ಲವೇ? ಗಿರಾಕಿ ಎದ್ದುಹೋಗುವ ಮುಂಚೆ ಮಾತು ಮುರಿಯಬಾರದು.

"ಹಂಗಾದ್ರೆ ಮೂರೇ ಕೊಟ್ಬಿಡಿ ಸ್ವಾಮಿ. ನಮಗೆ ಬೇಕಾಗಿದ್ದೂ ಮೂರೇಯ."

ಮಾತಿನ ಜೊತೆಗೆ ಅವನ ಕೈ ತನ್ನಷ್ಟಕ್ಕೆ ತಾನೇ ಹೆಗಲ ಮೇಲಿನ ಟವಲನ್ನು ಎಳೆದುಕೊಂಡಿತು. ಬಲಗೈ ಮೇಲೆ ಅದನ್ನು ಹೊದಿಸಿ, ಡೀನ್ ಸಾಹೇಬರ ಮೇಜಿನ ಮೇಲೆ, ಅವರ ಕೈಯ ಹತ್ತಿರಕ್ಕೆ ಚಾಚಿದ. ಬಟ್ಟೆಯಡಿಯಲ್ಲಿ ಮೂರು ಬೆರಳು ಮಡಿಸದೆ ಎದ್ದಿದ್ದವು. ಡೀನ್ ಅರ್ಥವಾಗದೆ ಆ ಟವಲನ್ನೇ ನೋಡಿದರು. ಏನೋ ಕೊಡುತ್ತಿದ್ದಾನೆ ಎಂದುಕೊಂಡರೋ ಏನೋ, ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ತರೀಕೆರೆಯ ಸಂತೆ ನೋಡಿ ಬೆಳೆದ ಮಲ್ಲಿಕಾರ್ಜುನಪ್ಪನಿಗೆ ಮಾತ್ರ ಅದೇನೆಂದು ತಿಳಿಯಿತು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

"ಮಾವ," ಎಂದ ಚಿಕ್ಕಬೀರಪ್ಪ ಮೆಲ್ಲಗೆ. ಟವಲಿನ ಸಮೇತ ಆ ಕೈಯನ್ನು ಹಿಡಿದು ಹಿಂದಕ್ಕೆ ತಂದು ಮಾವನ ತೊಡೆಯ ಮೇಲಿಟ್ಟ.

ಡೀನ್ ಫೋನೆತ್ತಿ ಮುಖ್ಯ ಕಚೇರಿಗೆ ಮಾತಾಡಿದರು. ಅವರನ್ನು ದೂರುವ ಹಾಗಿಲ್ಲ. ಅರ್ಜಿಯನ್ನು ವಾಪಸ್ ಕಳಿಸುತ್ತೀರಾ ಎಂದು ಎರಡು ಸಲ ಕೇಳಿದರು. ರಿಜಿಸ್ಟ್ರಾರ್ ಊರಲ್ಲಿಲ್ಲ, ಸೋಮವಾರ ಬರುತ್ತಾರೆ ಎಂದು ಆ ಕಡೆಯವರು ಹೇಳಿದರಂತೆ. ಕೌನ್ಸಿಲ್ ಮುಂದಿರುವ ವಿಷಯದ ಮೇಲೆ ತಾವು ಇಲ್ಲಿ ಕೂತು ಇನ್ನೊಂದು ಆದೇಶ ಮಾಡುವಂತಿಲ್ಲ, ಮಾಡಿದರೂ ನಾಳೆ ಅದು ನಿಲ್ಲುವುದಿಲ್ಲ, ಹುಡುಗನ ಡಿಗ್ರಿಗೇ ಕುತ್ತು ಬರುತ್ತದೆ ಎಂದರು. ಸಂಜೆ ಐದಕ್ಕೆ ಗುಮಾಸ್ತರು ರಿಜಿಸ್ಟ್ರೇಷನ್ ಕಾರ್ಡುಗಳನ್ನೆಲ್ಲ ಕಟ್ಟಿ ಬೀರುವಿಗೆ ಹಾಕಿದರು. ಚಿಕ್ಕಬೀರಪ್ಪನ ಕಾರ್ಡಿನಲ್ಲಿ ಇಪ್ಪತ್ತು ಕ್ರೆಡಿಟ್ಟೇ ಇತ್ತು.

ಬಸ್ ಸ್ಟ್ಯಾಂಡಿನವರೆಗೆ ಅಳಿಯ ಜೊತೆಗೆ ಬಂದ. ಬೈದಿದ್ದರೆ, ಕೂಗಾಡಿದ್ದರೆ, ಈರಭದ್ರಪ್ಪ ತಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದ. ಹುಡುಗ ಕಂಬಳಿಯನ್ನು ಮಡಿಸಿ ಕೊಟ್ಟು, "ಚಳಿ ಐತೆ, ಹೊದ್ಕೊಂಡು ಹೋಗು ಮಾವ," ಎಂದ ಅಷ್ಟೇ.

ಚಿಕ್ಕಬೀರಪ್ಪ ಆಸೆ ಬಿಡಲಿಲ್ಲ. ಮಾರ್ಚಿನಲ್ಲಿ ಕೊಟ್ಟರೂ ಕೊಡಬಹುದೆಂದು ಸಂಖ್ಯಾಶಾಸ್ತ್ರದ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತ. ಪಾಠ ಮಾಡುವವರು ಬೇಡ ಅನ್ನಲಿಲ್ಲ. ಆದರೆ ಹೆಸರು ಪಟ್ಟಿಯಲ್ಲಿಲ್ಲದವನಿಗೆ ಹಾಜರಿ ಎಲ್ಲಿ ಹಾಕುವುದು? ಮಧ್ಯಾವಧಿ ಪರೀಕ್ಷೆಯ ದಿನ ಅವನನ್ನು ಹೊರಗೆ ಕಳಿಸಿದರು. ಮರದ ಕೆಳಗೆ ಕೂತು, ಆಮೇಲೆ ಗೆಳೆಯ ಷಡಕ್ಷರಿಯಿಂದ ಪ್ರಶ್ನೆಪತ್ರಿಕೆ ಈಸಿಕೊಂಡು, ಅಷ್ಟನ್ನೂ ಮಾಡಿ ಮುಗಿಸಿದನಂತೆ. ಈ ಷಡಕ್ಷರಿ ಅಜ್ಜಂಪುರದ ಕೊಬ್ಬರಿ ವ್ಯಾಪಾರಿಯ ಮಗ, ಇವನ ಹಾಸ್ಟೆಲಿನ ಜೊತೆಗಾರ. ಸಂಖ್ಯಾಶಾಸ್ತ್ರ ಅವನಿಗೂ ಬಾಕಿಯಿತ್ತು. ಮೂರು ಕ್ರೆಡಿಟ್ ಹೆಚ್ಚಿಗೆ ಬೇಕೆಂದು ಅರ್ಧ ಹಾಳೆಯ ಅರ್ಜಿಯನ್ನು ಮಲ್ಲಿಕಾರ್ಜುನಪ್ಪನವರ ಕೈಗೆ ಕೊಟ್ಟು, ಅದೇ ಮಧ್ಯಾಹ್ನ ಡೀನ್ ಸೈನ್ ಪಡೆದ ಇಬ್ಬರಲ್ಲಿ ಅವನೊಬ್ಬ.

ಮಾರ್ಚ್ ಕೊನೆಗೆ ಕೌನ್ಸಿಲ್ ಆದೇಶ ಬಂತು. ಆರು ಕ್ರೆಡಿಟ್ ಕೊಡಲಾಗದು, ವಿದ್ಯಾರ್ಥಿಯ ಅಂಕಗಳನ್ನು ನೋಡಿ ಮೂರಕ್ಕೆ ಅನುಮತಿ ನೀಡಲಾಗಿದೆ, ಹಾಜರಾತಿಯ ನಿಯಮಗಳು ಅನ್ವಯಿಸುತ್ತವೆ.

ನೋಡಿ ಹೇಗಿದೆ! ಈರಭದ್ರಪ್ಪನ ಲೆಕ್ಕ ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಆರು ಕೇಳಿದ್ದಕ್ಕೆ ಕತ್ತು ಅಲ್ಲಾಡಿಸಿ ಮೂರು ಕೊಟ್ಟಿದ್ದರು. ಆದರೆ ಸಂತೆ ಎದ್ದುಹೋಗಿತ್ತು. ಹಾಜರಿಯಿಲ್ಲ, ಮಧ್ಯಾವಧಿಯಿಲ್ಲ, ಪರೀಕ್ಷೆಗೆ ಕೂರಿಸುವ ದಾರಿ ಯಾರಿಗೂ ಕಾಣಲಿಲ್ಲ. ಮಲ್ಲಿಕಾರ್ಜುನಪ್ಪ ಮೇಷ್ಟರು ಎಷ್ಟು ಓಡಾಡಿದರೂ ಆಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ಈರಭದ್ರಪ್ಪನ ಕಥೆ.

ಜೂನಿನಲ್ಲಿ ಇಲಾಖೆಯವರು ಆ ಬ್ಯಾಚನ್ನು ತಗೊಂಡರು. ಚಿಕ್ಕಬೀರಪ್ಪ ಮುಂದಿನ ಜನವರಿಯಲ್ಲಿ ಮತ್ತೆ ಹೋಗಿ ಸಂಖ್ಯಾಶಾಸ್ತ್ರ ಒಂದನ್ನೇ ತಗೊಂಡು, ಕ್ಲಾಸಿಗೇ ಮೊದಲನೆಯವನಾಗಿ ಪಾಸಾದ. ಡಿಗ್ರಿ ಕೈಗೆ ಬಂತು. ಆದರೆ ಆ ವರ್ಷ ಇಲಾಖೆ ಯಾರನ್ನೂ ಕರೆಯಲಿಲ್ಲ. ಮರುವರ್ಷವೂ ಇಲ್ಲ. ಅರ್ಜಿ ಹಾಕಿದ, ಕಾದ, ಮತ್ತೆ ಹಾಕಿದ. ಕಾಯುವವನು ಸುಮ್ಮನೆ ಕೂರುವುದೇಕೆ ಎಂದು ಮಾವನ ಜೊತೆ ಸಂತೆಗೆ ಬರತೊಡಗಿದ. ಬರತೊಡಗಿದವನು ಬರುತ್ತಲೇ ಇದ್ದ.

ಮಾವನನ್ನು ಅವನು ಒಂದು ದಿನವೂ ದೂರಲಿಲ್ಲ. ದ್ಯಾಮಮ್ಮ ಒಮ್ಮೆ, "ಅವತ್ತು ಮಾವನ ಮಾತು ಕೇಳ್ದೆ ಇದ್ದಿದ್ರೆ ಅಂತ ಒಂದ್ಸಲನಾದ್ರೂ ಅನ್ನೋ ಮಗಾ, ನಿನ್ನ ಹೊಟ್ಟೆನಾದ್ರೂ ತಣ್ಣಗಾಗ್ಲಿ," ಎಂದಳು. "ಮಾವ ನನ್ನ ಒಳ್ಳೇದಕ್ಕೇ ಹೇಳಿದ್ದು ಕಣವ್ವಾ. ಬರ್ದಿದ್ದು ನನ್ನ ಕೈಯಿ," ಎಂದ ಮಗ. ಗೋಡೆಯಾಚೆ ಹಗ್ಗ ಹೊಸೆಯುತ್ತಿದ್ದ ಈರಭದ್ರಪ್ಪ ಅದನ್ನು ಕೇಳಿಸಿಕೊಂಡ.

ಎಂಬತ್ತೆಂಟರ ಬೇಸಿಗೆಯ ಒಂದು ದಿನ ಕಡೂರಿನ ಕುರಿ ಸಂತೆಯ ಪಕ್ಕ ಜೀಪೊಂದು ನಿಂತಿತು. ಇಳಿದವನು ಷಡಕ್ಷರಿ. ಈಗ ಕೃಷಿ ಇಲಾಖೆಯ ಆಫೀಸರ್, ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. ಇಲಾಖೆಯ ತೋಟದ ಕುರಿಮಂದೆಗೆ ಒಂದು ಒಳ್ಳೆಯ ಟಗರು ಬೇಕಾಗಿತ್ತು. ಜೀಪಿನ ಸದ್ದಿಗೆ ಈರಭದ್ರಪ್ಪನ ಜೀವ ಹಿಡಿಯಷ್ಟಾಯಿತು. ಜೀಪಲ್ಲಿ ಬತ್ತಾನೆ ಎಂದು ಇದೇ ಸಂತೆಯಲ್ಲಿ ಹೇಳಿಕೊಂಡು ತಿರುಗಿದ್ದವನು ಅವನೇ ತಾನೇ.

ಗೆಳೆಯರಿಬ್ಬರೂ ಕೈ ಹಿಡಿದುಕೊಂಡು ನಕ್ಕರು, ಹಾಸ್ಟೆಲಿನ ಸಾರಿನ ಮಾತಾಡಿದರು. ಆಮೇಲೆ ಷಡಕ್ಷರಿ ಟಗರಿನ ಬೆನ್ನು ಸವರುತ್ತ, "ಎಷ್ಟು ಹೇಳ್ತೀಯೋ?" ಎಂದ.

ಈರಭದ್ರಪ್ಪ ಅಭ್ಯಾಸಬಲದಿಂದ ತನ್ನ ಟವಲನ್ನು ತೆಗೆದು ಅಳಿಯನ ಕಡೆ ಚಾಚಿದ. ಚಿಕ್ಕಬೀರಪ್ಪ ಅದನ್ನು ತಗೊಳ್ಳಲಿಲ್ಲ. ಅವನು ಸಂತೆಯಲ್ಲಿ ಎಲ್ಲವನ್ನೂ ಕಲಿತಿದ್ದ. ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ, ಬೆನ್ನು ಒತ್ತಿ ತೂಕ ಹೇಳುತ್ತಿದ್ದ. ಟವಲಿನಡಿ ಕೈ ಹಾಕುವುದೊಂದನ್ನು ಮಾತ್ರ ಕಲಿತಿರಲಿಲ್ಲ. ನೆಟ್ಟಗೆ ನಿಂತು, ಎಲ್ಲರಿಗೂ ಕೇಳಿಸುವ ಹಾಗೆ, ತನಗೆ ಬೇಕಾದ ಬೆಲೆಯನ್ನು ಬೇಕಾದಷ್ಟೇ ಹೇಳಿದ.

"ಸ್ವಲ್ಪ ಬಿಡೋ ಮಾರಾಯ, ಹಳೇ ಸ್ನೇಹ," ಎಂದ ಷಡಕ್ಷರಿ.

"ಬಿಡೋಕೆ ಜಾಸ್ತಿ ಹೇಳಿಲ್ಲ ಕಣೋ. ನನಗೆ ಬೇಕಾಗಿದ್ದೇ ಅಷ್ಟು."

ಸುತ್ತ ನಿಂತಿದ್ದ ವ್ಯಾಪಾರಿಗಳು ಕಿಸಕ್ಕನೆ ನಕ್ಕರು. ಒಬ್ಬ ಈರಭದ್ರಪ್ಪನನ್ನು ತಿವಿದು, "ಏನಪ್ಪಾ, ಅಳಿಯಂಗೆ ನಿನ್ನ ವಿದ್ಯೆ ಹೇಳ್ಕೊಟ್ಟಿಲ್ವಾ? ಎರಡರಷ್ಟು ಕೇಳು ಅಂತ ಹೇಳು," ಎಂದ.

ಹೇಳಬೇಕೆಂದು ಈರಭದ್ರಪ್ಪ ಬಾಯಿ ತೆರೆದ. ಇಡೀ ಆಯುಷ್ಯ ಆ ಒಂದು ಮಾತಿನ ಮೇಲೆ ಬದುಕಿದ ಬಾಯಿ ಅದು. ಎದುರಿಗೆ ಅಳಿಯ ಟಗರಿನ ಹಗ್ಗ ಹಿಡಿದುಕೊಂಡು, ಕೊಟ್ಟರೆ ಕೊಡು, ಬಿಟ್ಟರೆ ಬಿಡು ಅನ್ನುವ ಹಾಗೆ ನಿಂತಿದ್ದ. ಹಿಂದೆ ಜೀಪು ಧೂಳಿನಲ್ಲಿ ನಿಂತಿತ್ತು. ಈರಭದ್ರಪ್ಪ ಚಾಚಿದ್ದ ಟವಲನ್ನು ಹಿಂದಕ್ಕೆ ತಗೊಂಡು ಅದರಿಂದಲೇ ಮುಖ ಒರೆಸಿಕೊಂಡ.